12 ದಿನ ರಜೆ ಜಾಸ್ತಿಯಾದರೆ ಗಂಟೆಗೆ ಎಷ್ಟು ಖರ್ಚು? ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಋತುಚಕ್ರ ರಜೆ ಕೊಡಬೇಕು ಎಂಬ ನೀತಿಗೆ ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಆದೇಶ ಬಂತು. 18ರಿಂದ 52 ವರ್ಷದವರಿಗೆ ವರ್ಷಕ್ಕೆ 12 ದಿನ. ಕಾಯಂ ನೌಕರರಿಗೂ ಉಂಟು, ಗುತ್ತಿಗೆಯವರಿಗೂ ಉಂಟು. ಈ ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ, ಡಾಕ್ಟರ್ ಸರ್ಟಿಫಿಕೇಟ್ ಬೇಕಿಲ್ಲ. ಡಿಸೆಂಬರ್ ಹೊತ್ತಿಗೆ ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್ ಮೆಟ್ಟಿಲೇರಿತು.

ಅಲ್ಲಿಂದ ಶುರುವಾದ ಚರ್ಚೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಂಕಿ. "12 ದಿನ ಅಂದರೆ ಅರ್ಧ ತಿಂಗಳ ಸಂಬಳ ಸುಮ್ನೆ ಕೊಟ್ಟಂತೆ" ಅಂತ ಒಬ್ಬರು. "365ರಲ್ಲಿ 12, ಶೇ 3 ಚಿಲ್ಲರೆ, ಅಷ್ಟೇ ತಾನೆ" ಅಂತ ಇನ್ನೊಬ್ಬರು. "ಸಂಬಳ ಒಂದು ರೂಪಾಯಿಯೂ ಜಾಸ್ತಿ ಆಗಲ್ಲ, ಹಾಗಾದರೆ ಖರ್ಚೆಲ್ಲಿ ಬಂತು" ಅಂತ ಮತ್ತೊಬ್ಬರು. ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಆದರೆ ಮೂವರೂ ಒಂದು ಅಂಕಿಯನ್ನು ಕೈಗೆತ್ತಿಕೊಂಡಿಲ್ಲ. ನಿಜವಾಗಿ ಕೆಲಸ ನಡೆದ ಒಂದು ಗಂಟೆಗೆ ಮಾಲೀಕರಿಗೆ ಬೀಳುವ ಖರ್ಚು ಎಷ್ಟು? ಅದು ಗೊತ್ತಿಲ್ಲದೆ ಹೊಸ ರಜೆ ದುಬಾರಿಯೋ ಅಲ್ಲವೋ ಎಂದು ಹೇಳಲು ಆಗುವುದಿಲ್ಲ. ಒಂದು ಉದಾಹರಣೆ ಹಿಡಿದು ಲೆಕ್ಕವನ್ನು ಬುಡದಿಂದ ಹಾಕಿ ನೋಡೋಣ.

365 ದಿನ 282 ಆಗುವುದು ಹೇಗೆ

ಪೀಣ್ಯದಲ್ಲಿ ಸಣ್ಣ ಬಿಡಿಭಾಗಗಳನ್ನು ಮಾಡಿಕೊಡುವ ಒಂದು ಘಟಕ ಇದೆ ಎಂದಿಟ್ಟುಕೊಳ್ಳಿ. ಹತ್ತು ಜನ ಕೆಲಸಗಾರರು, ಅವರಲ್ಲಿ ನಾಲ್ವರು ಹೆಂಗಸರು. ಮೆಷಿನ್‌ನಿಂದ ಇಳಿದ ಪೀಸ್‌ಗಳನ್ನು ವರ್ನಿಯರ್, ಗೇಜ್ ಹಿಡಿದು ಅಳೆದು, ಸರಿ ಇದ್ದದ್ದನ್ನು ಒಂದು ಟ್ರೇಗೆ, ಇಲ್ಲದ್ದನ್ನು ಇನ್ನೊಂದು ಟ್ರೇಗೆ ಹಾಕುವ ಇನ್‌ಸ್ಪೆಕ್ಟರ್ ಒಬ್ಬರನ್ನು ನೋಡೋಣ. ತಿಂಗಳಿಗೆ ₹20,000 ಸಂಬಳ. ವಾರಕ್ಕೆ ಆರು ದಿನ, ದಿನಕ್ಕೆ 8 ಗಂಟೆ.

2026ರಲ್ಲಿ 52 ಭಾನುವಾರ ಇವೆ. ಅವನ್ನು ಕಳೆದರೆ 313 ದಿನ ಉಳಿಯುತ್ತದೆ.

ಆಮೇಲೆ ಹಬ್ಬದ ರಜೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ ನಮ್ಮ ರಾಜ್ಯದಲ್ಲಿ 1963ರ ಕಾನೂನು ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಖಾಯಂ. ಯುಗಾದಿ, ಗಣೇಶ ಚೌತಿ, ಆಯುಧ ಪೂಜೆ, ಬಲಿಪಾಡ್ಯಮಿಯಂಥ ಇನ್ನೂ ಐದು ಸೇರಿ ಹತ್ತು. ಆದರೆ ಇಲ್ಲಿ ಹತ್ತನ್ನು ಕಣ್ಣುಮುಚ್ಚಿ ಕಳೆಯಬಾರದು. 2026ರಲ್ಲಿ ರಾಜ್ಯೋತ್ಸವ ಬೀಳುವುದು ಭಾನುವಾರ. ಆ ದಿನವನ್ನು ಆಗಲೇ ಭಾನುವಾರಗಳ ಲೆಕ್ಕದಲ್ಲಿ ಕಳೆದಾಗಿದೆ. ಉಳಿದ ಹಬ್ಬಗಳು ಭಾನುವಾರ ಬಂದಿಲ್ಲ ಎಂದುಕೊಂಡರೆ ಕಳೆಯಬೇಕಾದದ್ದು 9. ಉಳಿದದ್ದು 304.

ಇನ್ನು ಗಳಿಕೆ ರಜೆ, ಅಂದರೆ ಇಎಲ್. ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ. ಹಳೆಯ ಕಾರ್ಖಾನೆ ಕಾಯ್ದೆಯಲ್ಲೂ ಹೀಗೇ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಹೀಗೇ ಇದೆ. ಬದಲಾದದ್ದು ಅರ್ಹತೆ. ಮೊದಲು ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕಿತ್ತು, ಈಗ 180 ಸಾಕು. ನಮ್ಮ ಇನ್‌ಸ್ಪೆಕ್ಟರ್‌ಗೆ ಸುಮಾರು 14 ದಿನ ಸಿಗುತ್ತದೆ. ಇದಲ್ಲದೆ ಕಾಯಿಲೆಗೋ ಮನೆಯ ಕೆಲಸಕ್ಕೋ ಅಂತ ಮಾಲೀಕರು 8 ದಿನ ಸಂಬಳ ಸಹಿತ ರಜೆ ಕೊಡುತ್ತಾರೆ ಎಂದುಕೊಳ್ಳೋಣ. ಎರಡನ್ನೂ ಕಳೆದರೆ 282.

282 ದಿನ, ದಿನಕ್ಕೆ 8 ಗಂಟೆ. ವರ್ಷಕ್ಕೆ 2,256 ಗಂಟೆ.

ಇದನ್ನು ತಿಂಗಳಿಗೆ ಹಂಚಿದರೆ 23.5 ದಿನ ಬರುತ್ತದೆ. ನಾವೆಲ್ಲ ಸಂಬಳವನ್ನು 26ರಿಂದ ಭಾಗಿಸಿ ದಿನಗೂಲಿ ಹೇಳುತ್ತೇವಲ್ಲ, ಆ 26ರಲ್ಲಿ ಕಳೆದಿರುವುದು ಭಾನುವಾರ ಮಾತ್ರ. ಹಬ್ಬವಾಗಲಿ ಇಎಲ್ ಆಗಲಿ ಅದರಲ್ಲಿ ಸೇರಿಲ್ಲ. ಓಟಿ, ಗ್ರಾಚ್ಯುಟಿ ಲೆಕ್ಕಕ್ಕೆ 26 ಸರಿ. ಒಂದು ಗಂಟೆ ಕೆಲಸಕ್ಕೆ ಎಷ್ಟು ಖರ್ಚು ಎಂದು ತಿಳಿಯಲು ಅದು ಸರಿಯಲ್ಲ.

ಸಂಬಳದ ಮೇಲೆ ಏನೇನು ಸೇರುತ್ತದೆ

ಗಂಟೆ ಕಡಿಮೆಯಾಯಿತು. ಖರ್ಚು ಅದಕ್ಕೆ ಎದುರು ದಿಕ್ಕಿನಲ್ಲಿ ಹೋಗುತ್ತದೆ. ತಿಂಗಳಿಗೆ ₹20,000 ಅಂದರೆ ವರ್ಷಕ್ಕೆ ₹2,40,000. ಇದು ಕೆಲಸಗಾರರ ಹೆಸರಿನಲ್ಲಿ ಬರೆಯುವ ಸಂಬಳ ಮಾತ್ರ.

ಪಿಎಫ್‌ಗೆ ಮಾಲೀಕರ ಪಾಲು ಶೇ 12, ಅದರ ಜೊತೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ 13. ₹15,000 ಮಿತಿಯ ಮೇಲೆ ಹಾಕಿದರೆ ವರ್ಷಕ್ಕೆ ₹23,400. ಇಎಸ್‌ಐ ಪಾಲು ಶೇ 3.25, ಅದು ₹7,800. ಬೋನಸ್ ಕನಿಷ್ಠ ಶೇ 8.33. ಈ ಘಟಕ ಅದನ್ನು ₹15,000ದ ಮೇಲೆ ಕೊಡುತ್ತದೆ ಎಂದುಕೊಂಡರೆ ವರ್ಷಕ್ಕೆ ಸುಮಾರು ₹15,000. ಗ್ರಾಚ್ಯುಟಿ ಇವತ್ತೇ ಕೈಯಿಂದ ಹೋಗುವ ದುಡ್ಡಲ್ಲ, ಆದರೆ ವರ್ಷಕ್ಕೆ 15 ದಿನದ ಸಂಬಳದಂತೆ ಬೆಳೆಯುತ್ತಲೇ ಇರುವ ಬಾಕಿ. ಅದಕ್ಕೆ ₹11,540 ಎತ್ತಿಡಬೇಕು.

ಎಲ್ಲ ಕೂಡಿದರೆ ₹2,97,740. ಅಂದರೆ ₹20,000 ಸಂಬಳದ ಕೆಲಸಗಾರರು ಮಾಲೀಕರಿಗೆ ತಿಂಗಳಿಗೆ ₹25,000ಕ್ಕೆ ಹತ್ತಿರ.

₹96 ಮತ್ತು ₹132

ಈಗ ಭಾಗಿಸೋಣ. ₹2,97,740 ಅನ್ನು 2,256 ಗಂಟೆಗೆ ಹಂಚಿದರೆ ಗಂಟೆಗೆ ₹132.

ರೂಢಿಯ ಲೆಕ್ಕದಲ್ಲಿ ಎಷ್ಟು ಬರುತ್ತದೆ? ₹20,000 ಅನ್ನು 26ರಿಂದ ಭಾಗಿಸಿ, ಮತ್ತೆ 8ರಿಂದ ಭಾಗಿಸಿದರೆ ₹96. ಎರಡರ ನಡುವೆ ₹36 ಅಂತರ ಇದೆ. ಅದರಲ್ಲಿ ಸುಮಾರು ₹23 ಪಿಎಫ್, ಬೋನಸ್‌ನಂಥ ಸೇರ್ಪಡೆಗಳಿಂದ ಬಂದದ್ದು. ಉಳಿದ ₹13 ಹಬ್ಬ ಮತ್ತು ರಜೆಯಿಂದ.

ಈ ಅಂತರ ಕಾಗದದ ಮೇಲೆ ಉಳಿಯುವುದಿಲ್ಲ. ಒಂದು ಪೀಸ್ ಅಳೆದು ಪರೀಕ್ಷಿಸಲು 6 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ₹96ರ ದರದಲ್ಲಿ ಕೊಟೇಷನ್ ಹಾಕಿದರೆ ಆ ಪೀಸ್‌ಗೆ ಕೂಲಿ ಎಂದು ಬರೆಯುವುದು ₹9.60. ನಿಜವಾಗಿ ಬೀಳುವುದು ₹13.20. ಪೀಸ್‌ಗೆ ₹3.60 ಮಾಲೀಕರ ಜೇಬಿನಿಂದಲೇ ಹೋಗುತ್ತದೆ, ಮತ್ತು ಎಲ್ಲಿ ಹೋಯಿತು ಅಂತ ಗೊತ್ತೂ ಆಗುವುದಿಲ್ಲ. ಮೆಷಿನ್ ಬಿಡುವಿಲ್ಲದೆ ಓಡುತ್ತಿದೆ, ಆರ್ಡರ್ ತುಂಬಿದೆ, ಆದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿದಿಲ್ಲ ಎನ್ನುವ ಘಟಕಗಳು ಮೊದಲು ನೋಡಬೇಕಾದ ಜಾಗ ಇದು.

ಹೊಸ 12 ದಿನ ಸೇರಿಸಿದರೆ

ಇನ್‌ಸ್ಪೆಕ್ಟರ್ ವರ್ಷದ 12 ಋತುಚಕ್ರ ರಜೆಗಳನ್ನೂ ತೆಗೆದುಕೊಂಡರು ಎನ್ನೋಣ. 282 ಹೋಗಿ 270 ದಿನ, 2,160 ಗಂಟೆ. ಮೇಲಿನ ₹2,97,740 ಹಾಗೆಯೇ ಇರುತ್ತದೆ, ಯಾಕೆಂದರೆ ಸಂಬಳ ಬದಲಾಗಿಲ್ಲ. ಭಾಗಿಸಿದರೆ ₹138. ಹೆಚ್ಚಳ ಗಂಟೆಗೆ ಸುಮಾರು ₹6, ಅಂದರೆ ಶೇ 4.4.

ಶೇ 3 ಚಿಲ್ಲರೆ ಎಂದವರು ಎಡವಿದ್ದು ಇಲ್ಲೇ. ಅವರು 12ನ್ನು 365ರಿಂದ ಭಾಗಿಸಿದರು. ಆ 365ರಲ್ಲಿ ಯಾರೂ ಕೆಲಸ ಮಾಡದ ಭಾನುವಾರ, ಹಬ್ಬ ಎಲ್ಲ ಸೇರಿವೆ. ರಜೆ ಕಡಿತವಾಗುವುದು ಕೆಲಸದ ದಿನಗಳಿಂದ, ಖರ್ಚು ಹಂಚಿಹೋಗುವುದು ಉಳಿದ 270 ದಿನಗಳ ಮೇಲೆ. ಹಾಗಾಗಿ 12ನ್ನು 270ರಿಂದ ಭಾಗಿಸಬೇಕು. ಈಗಾಗಲೇ ಎಷ್ಟು ಜಾಸ್ತಿ ರಜೆ ಇದೆಯೋ ಹೊಸ ರಜೆಯ ಒಂದೊಂದು ದಿನವೂ ಅಷ್ಟು ಹೆಚ್ಚು ತೂಗುತ್ತದೆ. ವಾರಕ್ಕೆ ಐದೇ ದಿನ ಕೆಲಸ ಮಾಡುವ ಐಟಿ ಕಂಪನಿಗಳಲ್ಲಿ ಇದೇ 12 ದಿನ ಶೇ 5 ದಾಟುತ್ತದೆ.

ಇನ್ನೊಂದು ಮಾತು. ₹6 ಎನ್ನುವುದು 12ಕ್ಕೆ 12 ರಜೆ ತೆಗೆದುಕೊಂಡಾಗ ಬರುವ ಮೇಲ್ಮಿತಿ. ಆಯಾ ತಿಂಗಳ ರಜೆ ಬಳಸದಿದ್ದರೆ ಅಲ್ಲಿಗೇ ಮುಗಿಯಿತು. ವರ್ಷಕ್ಕೆ ಆರೇ ತೆಗೆದುಕೊಂಡರೆ ದರ ₹135 ಹತ್ತಿರ, ಹೆಚ್ಚಳ ಶೇ 2.2.

ಒಂದೇ ರಜೆಗೆ ಎರಡು ಸಲ ಬಿಲ್

ಈ ಚರ್ಚೆಯಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸಿರುವ ತಪ್ಪು ಬೇರೆಯೇ ಇದೆ. ಅದನ್ನು ನಿಧಾನವಾಗಿ ನೋಡಬೇಕು.

ಕೆಲವರು ಹೀಗೆ ಲೆಕ್ಕ ಹಾಕುತ್ತಾರೆ: ದಿನದ ಸಂಬಳ ₹769, ಹನ್ನೆರಡು ದಿನಕ್ಕೆ ₹9,230, ಇದು ಹೊಸ ಖರ್ಚು, ಇದನ್ನು ವರ್ಷದ ಖರ್ಚಿಗೆ ಸೇರಿಸಿ. ಆಮೇಲೆ ಗಂಟೆಯೂ ಕಡಿಮೆ ಆಯಿತಲ್ಲ, ಅದನ್ನೂ 2,160 ಮಾಡಿ. ಹೀಗೆ ಭಾಗಿಸಿದರೆ ಗಂಟೆಗೆ ₹142 ಬರುತ್ತದೆ. ಹೆಚ್ಚಳ ಶೇ 7.7 ಎಂದು ಕಾಣುತ್ತದೆ.

ಆದರೆ ಆ ₹9,230 ಹೊಸ ದುಡ್ಡಲ್ಲ. ವರ್ಷದ ₹2,40,000 ಸಂಬಳದ ಒಳಗೇ ಅದು ಮೊದಲಿನಿಂದ ಇದೆ. ತಿಂಗಳ ಸಂಬಳ ಎಂದರೆ ಭಾನುವಾರಕ್ಕೂ ಹಬ್ಬಕ್ಕೂ ರಜೆಗೂ ಸೇರಿಸಿಯೇ ಕೊಡುವ ದುಡ್ಡು. ರಜೆಯ ಖರ್ಚನ್ನು ಒಂದೋ ಮೇಲೆ ಸೇರಿಸಬೇಕು, ಇಲ್ಲವೇ ಕೆಳಗಿನ ಗಂಟೆಯಲ್ಲಿ ಕಳೆಯಬೇಕು. ಎರಡೂ ಕಡೆ ಮಾಡಿದರೆ ಒಂದೇ ರಜೆಗೆ ಎರಡು ಸಲ ಬಿಲ್ ಹಾಕಿದಂತೆ. ಯಾರಾದರೂ ಹೊಸ ರಜೆಯಿಂದ ಶೇ 7, 8 ಏರುತ್ತದೆ ಎಂದರೆ ಅವರ ಕಾಗದ ತೆಗೆಸಿ, ಖರ್ಚಿನ ಪಟ್ಟಿಯಲ್ಲಿ ರಜೆ ಸಂಬಳ ಎಂಬ ಸಾಲು ಬೇರೆಯಾಗಿ ಇದೆಯೇ ನೋಡಿ. ಇದ್ದರೆ ತಪ್ಪು ಸಿಕ್ಕಿತು.

ಬೇರೆ ಸಾಲು ಬೇಕಾಗುವ ಸಂದರ್ಭವೂ ಒಂದಿದೆ. ಅದು ರಜೆಯನ್ನು ನಗದು ಮಾಡಿಕೊಂಡಾಗ. ಇಎಲ್‌ನ 14 ದಿನ ರಜೆ ಹಾಕದೆ ದುಡ್ಡು ತೆಗೆದುಕೊಂಡರೆ ಸಂಬಳದ ಮೇಲೆ ನಿಜವಾಗಿಯೂ ₹10,770 ಹೊಸದಾಗಿ ಹೋಗುತ್ತದೆ. ಆದರೆ ಆ 14 ದಿನ ಕೆಲಸವೂ ನಡೆದಿರುತ್ತದೆ, ಆದ್ದರಿಂದ ಗಂಟೆಗಳಿಗೂ 112 ಸೇರಬೇಕು. ಹಾಗೆ ಸೇರಿಸಿದಾಗ ದರ ₹130 ಆಸುಪಾಸಿನಲ್ಲೇ ನಿಲ್ಲುತ್ತದೆ.

ಸಂಬಳವಿಲ್ಲದ ರಜೆಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಗಂಟೆಯೂ ಕಡಿಮೆ, ಸಂಬಳವೂ ಕಡಿಮೆ, ಹಾಗಾಗಿ ದರ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಇಎಸ್‌ಐ ಇರುವವರು ಕಾಯಿಲೆ ಬಿದ್ದು ವಾರಗಟ್ಟಲೆ ಮಲಗಿದರೆ ಸಂಬಳದ ಶೇ 70ರಷ್ಟನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಆ ದಿನಗಳನ್ನು ಗಂಟೆಯಿಂದ ಕಳೆದು, ಖರ್ಚಿನಲ್ಲಿ ಮಾತ್ರ ಪೂರ್ತಿ ಸಂಬಳ ಬಿಟ್ಟರೆ ದರ ಸುಳ್ಳೇ ಏರುತ್ತದೆ.

ಹಾಗಾದರೆ ಕೈಯಿಂದ ದುಡ್ಡು ಹೋಗುವುದು ಯಾವಾಗ

"ಸಂಬಳ ಜಾಸ್ತಿ ಆಗಲ್ಲ, ಖರ್ಚೆಲ್ಲಿ ಬಂತು" ಎಂಬ ಪ್ರಶ್ನೆಗೆ ಉತ್ತರ, ಆ ದಿನದ ಕೆಲಸ ಏನಾಯಿತು ಎಂಬುದರಲ್ಲಿದೆ.

ನಮ್ಮ ಇನ್‌ಸ್ಪೆಕ್ಟರ್ ಒಂದು ದಿನ ಬರಲಿಲ್ಲ. ಪೀಸ್‌ಗಳು ಟ್ರೇಯಲ್ಲಿ ಕಾದಿದ್ದವು, ಮರುದಿನ ಸ್ವಲ್ಪ ಬೇಗ ಬೇಗ ಮುಗಿಸಿದರು, ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಆಗ ಮಾಲೀಕರ ಕೈಯಿಂದ ಹೊಸದಾಗಿ ಹೋದದ್ದು ಸೊನ್ನೆ. ಅದೇ ಆ ಕೆಲಸವನ್ನು ಅವತ್ತೇ ಬೇರೆಯವರಿಂದ ಓಟಿ ಮಾಡಿಸಬೇಕಾಗಿ ಬಂದರೆ ಕಾನೂನಿನಂತೆ ದುಪ್ಪಟ್ಟು ಕೂಲಿ. ₹96ರ ದುಪ್ಪಟ್ಟು ₹192. ವರ್ಷದ 96 ಗಂಟೆಯನ್ನೂ ಹೀಗೆ ಓಟಿಯಲ್ಲೇ ತುಂಬಿಸಿದರೆ ₹18,460 ಹೋಗುತ್ತದೆ. ಅದು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ.

ಒಂದೇ ರಜೆ, ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ₹18,460. ಎರಡು ಕಡೆಯವರೂ ಸುಳ್ಳು ಹೇಳುತ್ತಿಲ್ಲ. ಕೆಲಸ ಒಂದು ದಿನ ಕಾಯಬಹುದಾದ ಜಾಗದಲ್ಲಿ ಇದು ಹಗುರ. ಹೋಟೆಲ್‌ನ ಸ್ವಾಗತದ ಮೇಜು, ಆಸ್ಪತ್ರೆಯ ವಾರ್ಡ್, ಬಸ್ಸಿನ ಕಂಡಕ್ಟರ್ ಸೀಟು, ಇಂಥಲ್ಲಿ ಜಾಗ ಖಾಲಿ ಬಿಡುವಂತಿಲ್ಲ. ಬದಲಿ ಜನ ಬೇಕೇ ಬೇಕು. ಇಂಥ ಕಡೆಯ ಮಾಲೀಕರಿಗೆ ಬೇಕಾದದ್ದು ಓಟಿಯ ಮೊರೆ ಹೋಗದೆ ಬದಲಿ ಇಟ್ಟುಕೊಳ್ಳುವ ವ್ಯವಸ್ಥೆ. ನಾಲ್ವರು ಹೆಂಗಸರಿರುವ ಕಡೆ ಎಲ್ಲರ ರಜೆ ಸೇರಿ ವರ್ಷಕ್ಕೆ 48 ದಿನ ಆಗುತ್ತದೆ. ದುಪ್ಪಟ್ಟು ಕೂಲಿಗಿಂತ ತಿಂಗಳಿಗೆ ನಾಲ್ಕು ದಿನ ಬಂದುಹೋಗುವ ಒಬ್ಬರನ್ನು ಮಾಮೂಲಿ ಕೂಲಿಗೆ ಗೊತ್ತುಮಾಡಿಕೊಂಡರೆ ಖರ್ಚು ಅರ್ಧಕ್ಕಿಳಿಯುತ್ತದೆ.

ಯಾರೂ ಲೆಕ್ಕಕ್ಕೆ ಹಿಡಿಯದ ಅರ್ಧ ಗಂಟೆ

2,256 ಗಂಟೆ ಎಂದೆವಲ್ಲ, ಅದು ಘಟಕದ ಒಳಗೆ ಇದ್ದ ಹೊತ್ತು. ಗೇಜ್ ಕೈಯಲ್ಲಿದ್ದ ಹೊತ್ತಲ್ಲ. ಎರಡು ಸಲ ಕಾಲು ಕಾಲು ಗಂಟೆ ಟೀ, ಕೊನೆಯಲ್ಲಿ ಕಾಲು ಗಂಟೆ ಮೇಜು ಒರೆಸಿ ಸಲಕರಣೆ ಎತ್ತಿಡುವುದು. ದಿನಕ್ಕೆ ಮುಕ್ಕಾಲು ಗಂಟೆ. ಇದನ್ನು ಕಳೆದರೆ ದರ ₹146 ಆಗುತ್ತದೆ. ಟೀ ಕುಡಿಯುವುದು ತಪ್ಪಲ್ಲ, ಎಂಟು ಗಂಟೆ ಕಣ್ಣಿಟ್ಟು ಅಳೆಯುವವರಿಗೆ ಅದು ಬೇಕೇ ಬೇಕು. ಕೊಟೇಷನ್‌ನಲ್ಲಿ ಅದು ಸೇರಿರಬೇಕು, ಅಷ್ಟೇ.

ನೋಡಬೇಕಾದ್ದು ಇದರಾಚೆಗಿನದು. ಕಚ್ಚಾ ಮಾಲು ಬಂದಿಲ್ಲ, ಡ್ರಾಯಿಂಗ್ ಯಾರ ಹತ್ತಿರ ಇದೆಯೋ ಗೊತ್ತಿಲ್ಲ, ಇರುವ ಒಂದೇ ಮೈಕ್ರೋಮೀಟರ್ ಪಕ್ಕದ ಮೇಜಿನಲ್ಲಿದೆ. ಹೀಗೆ ದಿನಕ್ಕೆ ಅರ್ಧ ಗಂಟೆ ಕಾಯುವುದಾದರೆ 282 ದಿನಕ್ಕೆ 141 ಗಂಟೆ. ಋತುಚಕ್ರ ರಜೆಯ 12 ದಿನ ಎಂದರೆ 96 ಗಂಟೆ. ಕಾಯುವುದರಲ್ಲಿ ಹೋಗುವ ಹೊತ್ತು ಒಂದೂವರೆ ಪಟ್ಟು ಹತ್ತಿರ ಇದೆ. ಅದೂ ಹತ್ತಕ್ಕೆ ಹತ್ತೂ ಜನರದು ಹೋಗುತ್ತದೆ, ಗಂಡಸರೆನ್ನದೆ ಹೆಂಗಸರೆನ್ನದೆ. ರಜೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತಾಗಿ ಕಾಣುತ್ತದೆ, ಕಾಯುವ ಅರ್ಧ ಗಂಟೆ ಎಲ್ಲೂ ಬರೆದಿರುವುದಿಲ್ಲ. ಆ ಕಾರಣಕ್ಕೇ ಜಗಳವೆಲ್ಲ ರಜೆಯ ಸುತ್ತ ನಡೆಯುತ್ತದೆ.

ಹೆಣ್ಣುಮಕ್ಕಳ ಕೆಲಸಕ್ಕೆ ಕುತ್ತು ಬರುತ್ತದೆಯೇ

ಈ ಆತಂಕವನ್ನು ತಳ್ಳಿಹಾಕಬಾರದು. ಒಬ್ಬೊಬ್ಬರದೇ ದರ ಬರೆದುಕೊಂಡು ಕೂತರೆ ಗಂಡಸಿಗೆ ₹132, ಹೆಂಗಸಿಗೆ ₹138 ಎಂದು ಕಾಣುತ್ತದೆ. ಹೊಸಬರನ್ನು ತೆಗೆದುಕೊಳ್ಳುವಾಗ ಆ ₹6 ಮಾಲೀಕರ ತಲೆಯಲ್ಲಿ ಓಡಬಹುದು. ಹಾಗೆ ಮಾಡುವುದು ಕಾನೂನಿಗೆ ವಿರುದ್ಧ, ನೇಮಕದಲ್ಲೂ ಕೂಲಿಯಲ್ಲೂ ಲಿಂಗದ ಮೇಲೆ ಭೇದ ಮಾಡುವಂತಿಲ್ಲ. ಆದರೂ ಬಾಗಿಲಲ್ಲೇ ಬೇಡ ಎಂದು ಕಳಿಸಿದ್ದನ್ನು ಸಾಬೀತು ಮಾಡುವುದು ಕಷ್ಟ ಎಂಬುದೂ ನಿಜ.

ಲೆಕ್ಕದ ದೃಷ್ಟಿಯಿಂದಲೂ ಆ ದಾರಿ ತಪ್ಪು. ಯಾವ ಗಿರಾಕಿಯೂ ಈ ಪೀಸ್ ಅನ್ನು ಅಳೆದವರು ಗಂಡಸೋ ಹೆಂಗಸೋ ಎಂದು ಕೇಳಿ ಬೇರೆ ಬೇರೆ ದರ ಕೊಡುವುದಿಲ್ಲ. ದರ ಇಡೀ ತಂಡದ್ದು. ಹತ್ತು ಜನರ ಗಂಟೆ ವರ್ಷಕ್ಕೆ 22,560. ನಾಲ್ವರು ಹೆಂಗಸರು 12 ದಿನದ ರಜೆಯನ್ನು ಪೂರ್ತಿ ಬಳಸಿದರೆ ಕಡಿಮೆಯಾಗುವುದು 384 ಗಂಟೆ. ಎಲ್ಲರದೂ ಒಂದೇ ಸಂಬಳ ಎಂದುಕೊಂಡರೆ ತಂಡದ ದರ ₹132ರಿಂದ ₹134.26 ಆಗುತ್ತದೆ. ಶೇ 1.7. ಬಿಲ್ಲಿನ ಪ್ರತಿ ₹100ರಲ್ಲಿ ಕೂಲಿಯ ಪಾಲು ₹25 ಇದ್ದರೆ ಬಿಲ್ ಏರಬೇಕಾದದ್ದು 43 ಪೈಸೆ. ಗಾರ್ಮೆಂಟ್ಸ್‌ನಂಥ ಕಡೆ ಕೆಲಸಗಾರರೆಲ್ಲ ಬಹುಪಾಲು ಹೆಣ್ಣುಮಕ್ಕಳೇ, ಹಾಗಾಗಿ ಅಲ್ಲಿ ತಂಡದ ದರವೂ ಶೇ 4ರ ಹತ್ತಿರಕ್ಕೇ ಹೋಗುತ್ತದೆ. ಅವರ ಕಷ್ಟ ಪೀಣ್ಯದ ಘಟಕದ ಕಷ್ಟಕ್ಕಿಂತ ದೊಡ್ಡದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವಂತಿಲ್ಲ.

ಪೀಣ್ಯದ ನಮ್ಮ ಮಾಲೀಕರು ವರ್ಷದ ದರ ಒಪ್ಪಂದಕ್ಕೆ ಗಿರಾಕಿಯ ಮುಂದೆ ಕೂರುವಾಗ ಕೂಲಿಯ ಸಾಲಿನಲ್ಲಿ ಬರೆಯಬೇಕಾದ ಅಂಕಿ ₹96 ಅಲ್ಲ, ₹138 ಕೂಡ ಅಲ್ಲ. ₹134 ಬರೆದು, ಟೀ ಮತ್ತು ಸ್ವಚ್ಛತೆಯ ಮುಕ್ಕಾಲು ಗಂಟೆಯನ್ನೂ ಸೇರಿಸಿದರೆ ₹148. ಹಳೆಯ ₹96ರಿಂದ ಇಲ್ಲಿಗೆ ಏರಿದ ₹52ರಲ್ಲಿ ಹೊಸ ರಜೆಯ ಪಾಲು ಸುಮಾರು ₹2.50. ಉಳಿದ ₹49 ಚಿಲ್ಲರೆಯನ್ನು ಅವರು ಈ ಆದೇಶ ಬರುವ ಮೊದಲೇ, ಪ್ರತಿ ಗಂಟೆಗೂ, ಬಿಲ್ಲಿನಲ್ಲಿ ಬರೆಯದೆ ಬಿಟ್ಟುಕೊಡುತ್ತಿದ್ದರು.